ಭರವಸೆ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ

ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಸುದ್ದಿಗಿಂತ ಮಕ್ಕಳ ಪಾಸ್‌ಪೋರ್ಟ್ ಅಳತೆಯ ಮುಖಗಳೇ ಹೆಚ್ಚು ಕಾಣುತ್ತವೆ. ನೀಟ್, ಜೆಇಇ, ಸಿಇಟಿ ಕೋಚಿಂಗ್ ಕೊಡುವ ಸಂಸ್ಥೆಗಳು ತಮ್ಮ ಪ್ರವೇಶಾತಿಯ ಕಾಲಕ್ಕೆ ಸಣ್ಣ ಊರುಗಳ ಮನೆಗಳನ್ನು ತಲುಪಲು ಆರಿಸಿಕೊಂಡಿರುವ ದಾರಿ ಇದು. ಜೊತೆಗೆ ಬಸ್ ನಿಲ್ದಾಣದ ಫ್ಲೆಕ್ಸ್, ಊರಿನ ಕೇಬಲ್ ಚಾನೆಲ್ಲಿನ ಪಟ್ಟಿ, ವಾಟ್ಸಾಪ್‌ನಲ್ಲಿ ಹರಿದಾಡುವ ವಿಡಿಯೊ ಕೂಡ ಇವೆ. ಇವುಗಳನ್ನು ನಿಲ್ಲಿಸಬೇಕು ಎನ್ನುವವರಿದ್ದಾರೆ. ಅವರ ವಾದ ನನಗೆ ಒಪ್ಪಿಗೆಯಿಲ್ಲ. ಯಾದಗಿರಿಯದೋ ಚಳ್ಳಕೆರೆಯದೋ ಒಬ್ಬ ತಂದೆಗೆ ವೈದ್ಯಕೀಯ ಪ್ರವೇಶ ಪರೀಕ್ಷೆಯ ವಿಚಾರ ಅವರ ಭಾಷೆಯಲ್ಲೇ ತಲುಪುವುದು ಒಳ್ಳೆಯದೇ. ಆದರೆ ಈ ಜಾಹೀರಾತು ಅರ್ಧಕ್ಕೆ ಮಾತ್ರ ಕನ್ನಡದಲ್ಲಿರುತ್ತದೆ. ಆಸೆ ಹುಟ್ಟಿಸುವ ಸಾಲುಗಳೆಲ್ಲ ದಪ್ಪ ಕನ್ನಡದಲ್ಲಿ, ಆ ಆಸೆಯ ಮಿತಿ ಹೇಳುವ ಸಾಲುಗಳು ಒಂದು ನಕ್ಷತ್ರ ಚಿಹ್ನೆಯ ಆಸರೆಯಲ್ಲಿ, ಪುಟದ ತಳದಲ್ಲಿ, ಇರುವೆ ಗಾತ್ರದ ಇಂಗ್ಲಿಷಿನಲ್ಲಿ. ನನ್ನ ತಕರಾರು ಇದರ ಮೇಲೆ.

ಈ ಅರ್ಧ ಕನ್ನಡ ಮಾಡುವ ಹಾನಿಯನ್ನು ತಿಳಿಯಲು ಒಂದು ಕಾಲ್ಪನಿಕ ಜಾಹೀರಾತನ್ನು ಎದುರಿಗಿಟ್ಟುಕೊಳ್ಳೋಣ. ‘ನೀಟ್‌ನಲ್ಲಿ ನಮ್ಮ 320 ವಿದ್ಯಾರ್ಥಿಗಳಿಗೆ ಅರ್ಹತೆ’ ಎಂದು ಅದು ಹೇಳುತ್ತದೆ ಎನ್ನಿ. ಓದಿದ ತಾಯಿಗೆ ಕಾಣುವುದು 320 ಡಾಕ್ಟರುಗಳು. ಆದರೆ ನೀಟ್‌ನ ಅರ್ಹತೆಯೇ ಬೇರೆ, ಸೀಟೇ ಬೇರೆ. ಸಾಮಾನ್ಯ ವರ್ಗದ ಅಭ್ಯರ್ಥಿಗೆ 50ನೇ ಪರ್ಸೆಂಟೈಲ್ ಮುಟ್ಟಿದರೆ ಅರ್ಹತೆ ಸಿಗುತ್ತದೆ, ಅಂದರೆ ಪರೀಕ್ಷೆ ಬರೆದವರಲ್ಲಿ ಮೇಲಿನ ಅರ್ಧದೊಳಗೆ ಬಂದರೆ ಸಾಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳಿಗೆ ಅದು 40ನೇ ಪರ್ಸೆಂಟೈಲ್. 2024ರಲ್ಲಿ ಪರೀಕ್ಷೆ ಬರೆದವರು ಸುಮಾರು 23.3 ಲಕ್ಷ, ಅರ್ಹರಾದವರು ಸುಮಾರು 13.2 ಲಕ್ಷ, ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಸುಮಾರು 1.1 ಲಕ್ಷ. ಹನ್ನೆರಡು ಅರ್ಹರಿಗೆ ಒಂದು ಸೀಟು. ಈ ಸರಾಸರಿಯನ್ನೇ ಹಿಡಿದರೆ ನಮ್ಮ ಜಾಹೀರಾತಿನ 320 ಮಂದಿಯಲ್ಲಿ ಸೀಟು ಸಿಕ್ಕಿರಬಹುದಾದವರು ಇಪ್ಪತ್ತೇಳು. ಸರ್ಕಾರಿ ಕಾಲೇಜಿನಲ್ಲಿರುವುದು ಒಟ್ಟು ಸೀಟುಗಳಲ್ಲಿ ಹೆಚ್ಚೂಕಮ್ಮಿ ಅರ್ಧ. ಹಾಗಾಗಿ ಸಣ್ಣ ಊರಿನ ಸಂಬಳದಾರರೊಬ್ಬರಿಗೆ ಕೈಗೆಟುಕುವ ಶುಲ್ಕದಲ್ಲಿ ಓದಿಸಬಹುದಾದ ಮಕ್ಕಳು ಹದಿಮೂರೋ ಹದಿನಾಲ್ಕೋ. ಸಂಸ್ಥೆ ಸರಾಸರಿಗಿಂತ ಚೆನ್ನಾಗಿರಬಹುದು, ಇಲ್ಲವೇ ಕೆಟ್ಟದಾಗಿರಬಹುದು. ಎಷ್ಟು ಮಂದಿ ಪರೀಕ್ಷೆಗೆ ಕೂತರು, ಎಷ್ಟು ಮಂದಿಗೆ ಸೀಟು ಸಿಕ್ಕಿತು ಎಂದು ಹೇಳದ ಹೊರತು ಯಾವುದೆಂದು ಓದುಗರಿಗೆ ತಿಳಿಯದು. ಜಾಹೀರಾತಿನಲ್ಲಿ ಸುಳ್ಳು ಒಂದಕ್ಷರವೂ ಇಲ್ಲ, ನಿಜ. ಆದರೆ ಅರ್ಹತೆಗೂ ಸೀಟಿಗೂ ಇರುವ ಈ ಅಂತರವನ್ನು ಅದು ಕನ್ನಡದಲ್ಲಿ ಎಲ್ಲೂ ಹೇಳುವುದಿಲ್ಲ.

ಸಿಇಟಿಯ ಲೆಕ್ಕದಲ್ಲಿ ಇನ್ನೊಂದು ಜಾಣತನವಿದೆ. ಪರೀಕ್ಷಾ ಪ್ರಾಧಿಕಾರ ಎಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಯೋಗ ಮತ್ತು ನ್ಯಾಚುರೋಪಥಿ, ಫಾರ್ಮಸಿ ಹೀಗೆ ಕೋರ್ಸಿಗೊಂದು ರ‍್ಯಾಂಕ್ ಪಟ್ಟಿ ಕೊಡುತ್ತದೆ. ಒಬ್ಬಳೇ ಹುಡುಗಿ ನಾಲ್ಕೈದು ಪಟ್ಟಿಗಳಲ್ಲಿ ಬರಬಹುದು. ‘ಮೊದಲ ಸಾವಿರದೊಳಗೆ 100 ರ‍್ಯಾಂಕ್’ ಎಂದರೆ ನೂರು ಮಕ್ಕಳೇ ಇರಬೇಕೆಂದಿಲ್ಲ, ಇಪ್ಪತ್ತೈದು ಮಕ್ಕಳೂ ಇರಬಹುದು. ಮುಖಗಳನ್ನು ಎಣಿಸಿದರೆ ಗೊತ್ತಾಗುತ್ತದೆ, ಆದರೆ ಯಾರು ಎಣಿಸುತ್ತಾರೆ?

ದೆಹಲಿಯ ಐಎಎಸ್ ಕೋಚಿಂಗ್ ಪ್ರಕರಣ ಇಂಥ ಅರ್ಧಸತ್ಯ ಎಷ್ಟು ದೂರ ಹೋಗಬಲ್ಲದೆಂದು ತೋರಿಸಿತು. 2022ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ಆಯ್ಕೆಯಾದ 933 ಮಂದಿಯಲ್ಲಿ 682 ಮಂದಿ ನಮ್ಮವರು ಎಂದು ಒಂದು ಸಂಸ್ಥೆ ಹೇಳಿಕೊಂಡಿತ್ತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ವಿಚಾರಿಸಿದಾಗ ಅವರಲ್ಲಿ 674 ಮಂದಿ ಪಡೆದದ್ದು ಉಚಿತ ಅಣಕು ಸಂದರ್ಶನವನ್ನು ಮಾತ್ರ ಎಂದು ಹೊರಬಿತ್ತು. ಸಂಸ್ಥೆಗೆ ಐದು ಲಕ್ಷ ರೂಪಾಯಿ ದಂಡ ಬಿತ್ತು. ಇಂಥ ಪ್ರಕರಣಗಳು ಸಾಲುಗಟ್ಟಿದ ಮೇಲೆ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ವಿದ್ಯಾರ್ಥಿಯ ಫೋಟೊ ಹಾಕಿದರೆ ಅವನ ರ‍್ಯಾಂಕ್, ಓದಿದ ಕೋರ್ಸು, ಅದರ ಅವಧಿ, ಹಣ ಕೊಟ್ಟು ಓದಿದ್ದೇ ಎಂಬುದು ಫೋಟೊದ ಪಕ್ಕದಲ್ಲೇ ಇರಬೇಕು. ಒಪ್ಪಿಗೆಯನ್ನು ಆಯ್ಕೆಯಾದ ನಂತರವೇ ಪಡೆಯಬೇಕು. ಸೇರುವಾಗಲೇ ಸಹಿ ಹಾಕಿಸಿಕೊಳ್ಳುವಂತಿಲ್ಲ. ‘ಕೆಲವೇ ಸೀಟು ಬಾಕಿ’ ಎಂಬ ಕೃತಕ ಅವಸರ ಹುಟ್ಟಿಸುವಂತಿಲ್ಲ. ಇದಕ್ಕೂ ಮೊದಲೇ, 2022ರ ಜೂನ್‌ನಲ್ಲಿ ಬಂದ ಸಾಮಾನ್ಯ ಮಾರ್ಗಸೂಚಿಯಲ್ಲಿ ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತಿದೆ: ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರ ವಿನ್ಯಾಸದಲ್ಲಿ ಇರಬೇಕು. ಕಾನೂನು ಇಲ್ಲದೆ ನಾವು ಕೂಗಾಡುತ್ತಿಲ್ಲ. ಇರುವ ಕಾನೂನನ್ನು ಕನ್ನಡ ಪುಟದ ಮೇಲೆ ಯಾರೂ ಹಿಡಿದು ನೋಡುತ್ತಿಲ್ಲ. ದೂರುಗಳು ಏಳುವುದು ದೊಡ್ಡ ನಗರಗಳ ಇಂಗ್ಲಿಷ್, ಹಿಂದಿ ಜಾಹೀರಾತುಗಳ ಮೇಲೆ. ಜಿಲ್ಲಾ ಆವೃತ್ತಿಯ ಪುಟ ಆ ಜಿಲ್ಲೆಯಾಚೆ ಕಣ್ಣಿಗೇ ಬೀಳುವುದಿಲ್ಲ.

ಸಂಸ್ಥೆಗಳ ಉತ್ತರ ಏನಿರುತ್ತದೆಂದು ಊಹಿಸುವುದು ಕಷ್ಟವಲ್ಲ. ಪುಟದ ಜಾಗಕ್ಕೆ ದುಡ್ಡು, ಎಲ್ಲವನ್ನೂ ದೊಡ್ಡಕ್ಷರದಲ್ಲಿ ಹಾಕಿದರೆ ಕೈಗೆಟುಕದು ಎನ್ನುತ್ತಾರೆ. ಆದರೆ ಅರವತ್ತು ಫೋಟೊಗಳ ಜಾಗದಲ್ಲಿ ಹದಿನೈದು ಹಾಕಿದರೆ ವಿವರಗಳಿಗೆ ಬೇಕಾದಷ್ಟು ಜಾಗ ಮಿಗುತ್ತದೆ. ‘ನಾವು ನಡೆಸುವುದು ಪಿಯು ಕಾಲೇಜು, ಕೋಚಿಂಗ್ ಸೆಂಟರ್ ಅಲ್ಲ’ ಎಂಬುದು ಕರ್ನಾಟಕಕ್ಕೇ ವಿಶೇಷವಾದ ವಾದ, ಏಕೆಂದರೆ ಇಲ್ಲಿ ಕೋಚಿಂಗ್‌ನ ದೊಡ್ಡ ಪಾಲು ‘ಇಂಟಿಗ್ರೇಟೆಡ್’ ಹೆಸರಿನಲ್ಲಿ ಕಾಲೇಜು, ಹಾಸ್ಟೆಲ್‌ಗಳ ಒಳಗೇ ನಡೆಯುತ್ತದೆ. ಆದರೆ ಜಾಹೀರಾತಿನ ಮುಖಪುಟದಲ್ಲಿ ನೀಟ್ ರ‍್ಯಾಂಕ್ ಮಾರಿಕೊಂಡು, ಪ್ರಶ್ನೆ ಬಂದಾಗ ಮಾತ್ರ ಕಾಲೇಜಾಗುವುದು ನ್ಯಾಯವಲ್ಲ. 2022ರ ಭಾಷಾ ನಿಯಮವಂತೂ ಕೋಚಿಂಗ್‌ಗೆ ಮಾತ್ರ ಸೀಮಿತವಾದದ್ದಲ್ಲ.

ಇನ್ನು ‘ಓದಿ ತಿಳಿದುಕೊಳ್ಳುವುದು ಪೋಷಕರ ಜವಾಬ್ದಾರಿ’ ಎಂಬ ಮಾತು. ಇದನ್ನು ಪೂರ್ತಿ ತಳ್ಳಿಹಾಕಲಾಗದು, ಲಕ್ಷಾಂತರ ರೂಪಾಯಿ ಕಟ್ಟುವವರು ವಿಚಾರಿಸಬೇಕು. ಆದರೆ ಕನ್ನಡ ಮಾತ್ರ ಓದಬಲ್ಲವರು ಎಂದು ಗೊತ್ತಿದ್ದೇ ಅವರಿಗಾಗಿ ಕನ್ನಡದಲ್ಲಿ ಬರೆಸಿದ ಸಂಸ್ಥೆ, ಷರತ್ತಿನ ಹತ್ತಿರ ಬಂದಾಗ ಅವರಿಗೆ ಇಂಗ್ಲಿಷ್ ಬರುತ್ತದೆ ಎಂದು ನಂಬುವುದು ಹೇಗೆ? ‘ಶೇ 100ರವರೆಗೆ ಸ್ಕಾಲರ್‌ಶಿಪ್’ ಎಂಬ ಸಾಲನ್ನೇ ನೋಡಿ. ವಿನಾಯಿತಿ ಬೋಧನಾ ಶುಲ್ಕಕ್ಕೆ ಮಾತ್ರವೇ, ಹಾಸ್ಟೆಲ್ಲು, ಊಟ, ಸ್ಟಡಿ ಮೆಟೀರಿಯಲ್ ಅದರಲ್ಲಿ ಸೇರಿವೆಯೇ ಎಂಬುದು ಬೆಂಗಳೂರಿನಲ್ಲಿ ಮನೆಯಿಂದಲೇ ಹೋಗಿಬರುವ ಹುಡುಗನಿಗೆ ದೊಡ್ಡ ವಿಷಯವಲ್ಲ. ಊರು ಬಿಟ್ಟು ಬರುವವನಿಗೆ ಖರ್ಚಿನ ಸಿಂಹಪಾಲು ಅದೇ. ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ವಾಪಸ್ ಎಂಬ ನಿಯಮವೂ ಹಾಗೆಯೇ, ಅದು ಅರ್ಜಿಯ ಹಿಂಬದಿಯ ಇಂಗ್ಲಿಷಿನಲ್ಲಿ ಅಡಗಿರುತ್ತದೆ.

ಕೊನೆಗೆ ಉಳಿಯುವುದು ನಮ್ಮ ಪತ್ರಿಕೆಗಳ ಪ್ರಶ್ನೆ, ಇದು ಮುಜುಗರದ ಪ್ರಶ್ನೆ. ಪ್ರವೇಶಾತಿ ಕಾಲದ ಈ ಜಾಹೀರಾತು ಆದಾಯದ ಮೇಲೆ ಎಷ್ಟೋ ಸಣ್ಣ ಪತ್ರಿಕೆಗಳು ಉಸಿರಾಡುತ್ತವೆ, ಬಿಗಿ ಮಾಡಿದರೆ ಅವು ಮುಚ್ಚಬೇಕಾದೀತು ಎಂಬ ಆತಂಕ ಸುಳ್ಳಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೇ ಕಲಂ ದಾರಿತಪ್ಪಿಸುವ ಜಾಹೀರಾತು ಪ್ರಕಟಿಸಿದವರಿಗೂ ಹತ್ತು ಲಕ್ಷದವರೆಗೆ ದಂಡ ಹಾಕಬಹುದು ಎನ್ನುತ್ತದೆ. ಆದರೆ ದಿನನಿತ್ಯದ ವ್ಯವಹಾರದಂತೆ ಅಚ್ಚು ಹಾಕಿದೆವು ಎಂದು ತೋರಿಸಿದರೆ ಬಿಡುಗಡೆಯೂ ಉಂಟು. ಹಾಗಾಗಿ ಜಾಹೀರಾತು ವಿಭಾಗದ ಮೇಜಿನ ಮೇಲೆ ಯಾರೂ ಏನೂ ಕೇಳುವುದಿಲ್ಲ. ಕೇಳಬೇಕಾದದ್ದು ಹೆಚ್ಚೇನೂ ಇಲ್ಲ: ಷರತ್ತಿನ ಸಾಲು ಕನ್ನಡದಲ್ಲಿದೆಯೇ, ಫೋಟೊಗಳ ಜೊತೆ ಕೋರ್ಸಿನ ವಿವರವಿದೆಯೇ, ‘ಅರ್ಹತೆ’ಯ ಪಕ್ಕದಲ್ಲಿ ಸೀಟಿನ ಸಂಖ್ಯೆಯಿದೆಯೇ? ಎಲ್ಲ ಪತ್ರಿಕೆಗಳೂ ಒಟ್ಟಿಗೆ ಕೇಳಿದರೆ ಯಾವ ಸಂಸ್ಥೆಯೂ ಪಕ್ಕದ ಪತ್ರಿಕೆಗೆ ಓಡಲಾರದು, ಸಣ್ಣ ಊರುಗಳನ್ನು ತಲುಪಲು ಅವಕ್ಕೂ ಬೇರೆ ದಾರಿ ಕಡಿಮೆ. ಅಲ್ಲಿಯವರೆಗೆ ಪೋಷಕರು ಆ ಪುಟದ ಫೋಟೊ ತೆಗೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಜಿಲ್ಲಾ ಆವೃತ್ತಿಯ ಪುಟ ದೆಹಲಿಯ ಪ್ರಾಧಿಕಾರದ ಕಣ್ಣಿಗೆ ಬೀಳಲು ಸದ್ಯಕ್ಕಿರುವ ದಾರಿಗಳಲ್ಲಿ ಅದೇ ಸುಲಭದ್ದು.