‘ಏನೂ ಆಗಂಗಿಲ್ಲ’ ಅನ್ನೋ ಮಾತೇ ಹುಳದ ಗುಳಿಗಿಗೆ ವೈರಿ

ನಮ್ಮ ಅಕ್ಕನ ಮಗ ಮೂರನೇ ಇಯತ್ತೆ. ಸವದತ್ತಿ ತಾಲೂಕಿನ ಒಂದು ಊರು, ಹೆಸರು ಬೇಡ. ಹುಳದ ಗುಳಿಗಿ ಕೊಟ್ಟ ದಿನ ಮಧ್ಯಾಹ್ನ ಬಿಸಿಯೂಟ ಆದ ಮೇಲೆ, ಒಂದೂವರೆ ಸುಮಾರಿಗೆ ಅವನೂ ಎಲ್ಲರಂತೆ ಸಾಲಿನಲ್ಲಿ ನಿಂತು ಅಗಿದು ನುಂಗಿದ. "ಏನೂ ಆಗಂಗಿಲ್ಲ, ಅಂಜಬ್ಯಾಡ್ರಿ" ಅಂದರು ಮಾಸ್ತರು. ಮೂರೂವರೆಗೆ ಹೊಟ್ಟೆ ಕಡಿಯತೊಡಗಿತು. ಮಾಸ್ತರಿಗೆ ಹೇಳಲಿಲ್ಲ, ಯಾಕೆಂದರೆ ಏನೂ ಆಗುವುದಿಲ್ಲ ಅಂತ ಅವರೇ ಹೇಳಿದ್ದರಲ್ಲ. ಮನೆಗೆ ಬಂದು ಹಿತ್ತಲಲ್ಲಿ ಎರಡು ಸಲ ಕಕ್ಕಿದ. ಅಷ್ಟರಲ್ಲಿ ಓಣಿಯ ವಾಟ್ಸಾಪ್ ಗುಂಪಿನಲ್ಲಿ "ಗುಳಿಗಿ ತಗೊಂಡ ಹುಡುಗರು ದವಾಖಾನಿಗೆ" ಅಂತ ಯಾವುದೋ ಊರಿನ, ಯಾವುದೋ ವರ್ಷದ ವಿಡಿಯೊ ಬಂತು. ಅಕ್ಕ ಹುಡುಗನನ್ನು ಹೊತ್ತುಕೊಂಡು ಟಂಟಂ ಹಿಡಿದು ತಾಲೂಕು ದವಾಖಾನೆಗೆ ಓಡಿದಳು. ಅಲ್ಲಿ ಓಆರ್‌ಎಸ್ ಕುಡಿಸಿದರು, ಎರಡು ತಾಸು ಮಲಗಿಸಿ ನೋಡಿದರು, ರಾತ್ರಿ ಎಂಟಕ್ಕೆ ಮನೆಗೆ ಕಳಿಸಿದರು. ಮಾರನೇ ದಿನ ಹುಡುಗ ಗೋಲಿ ಆಡುತ್ತಿದ್ದ. ಅದರ ಮರುದಿನ ಸಂಡಾಸಿನಲ್ಲಿ ಗೇಣುದ್ದದ ಬಿಳಿ ಹುಳ ಬಿತ್ತು.

ಅಕ್ಕ ಅವತ್ತೇ ತೀರ್ಮಾನ ಮಾಡಿಬಿಟ್ಟಳು: "ಇನ್ನ ಮ್ಯಾಲೆ ಗುಳಿಗಿ ಕೊಟ್ರ ಬಾಯಾಗ ಇಟ್ಕೊಂಡು ಹೊರಗ ಬಂದು ಉಗುಳು."

ಇದರಲ್ಲಿ ತಪ್ಪು ಯಾರದು? ಅಕ್ಕನದಂತೂ ಅಲ್ಲ. ಗುಳಿಗಿಯದೂ ಅಲ್ಲ. ಹೊಟ್ಟೆಯಲ್ಲಿ ಹುಳ ತುಂಬಿದ ಹುಡುಗನಿಗೆ ಮಧ್ಯಾಹ್ನ ಗುಳಿಗಿ ಕೊಟ್ಟರೆ ಸಂಜೆ ಹೊಟ್ಟೆ ನೋಯಬಹುದು, ವಾಂತಿ ಆಗಬಹುದು, ಒಂದೆರಡು ಸಲ ಹೊರಕಡೆ ಹೋಗಬಹುದು, ತಲೆ ತಿರುಗಬಹುದು, ಸುಸ್ತಾಗಬಹುದು. ಇದು ಮೊದಲೇ ಗೊತ್ತಿರುವ ವಿಷಯ. ಆರೋಗ್ಯ ಇಲಾಖೆ ಶಿಕ್ಷಕರಿಗೆ ಕೊಡುವ ತರಬೇತಿಯಲ್ಲೂ ಇದನ್ನು ಹೇಳುತ್ತಾರೆ. ಆದರೆ ಆ ಮಾತು ಶಾಲೆಯ ಗೇಟು ದಾಟಿ ತಾಯಿಯ ಕಿವಿಗೆ ಬರುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲಿ ಕೇಳಿದರೂ ತಾಯಂದಿರ ಕಿವಿಗೆ ಬಿದ್ದಿರುವುದು ಒಂದೇ ಮಾತು, ಏನೂ ಆಗಂಗಿಲ್ಲ. ನನ್ನ ತಕರಾರು ಈ ಮಾತಿನ ಮೇಲೆ.

ಹೇಳಿದರೆ ಜನ ಹೆದರುತ್ತಾರೆ, ಗುಳಿಗಿ ತೆಗೆದುಕೊಳ್ಳುವುದಿಲ್ಲ ಅಂತ ವಾದ ಮಾಡುವವರಿದ್ದಾರೆ. ನಮ್ಮ ಊರಿನ ಸಿಸ್ಟರ್ ಕೂಸಿಗೆ ಲಸಿಕೆ ಹಾಕುವಾಗ ಏನನ್ನುತ್ತಾರೆ ನೆನಪು ಮಾಡಿಕೊಳ್ಳಿ. "ರಾತ್ರಿ ಜ್ವರ ಬರ್ತಾವ, ಚುಚ್ಚಿದ ಜಾಗ ಬಾತೀತು, ಈ ಔಷಧ ಹಾಕ್ರಿ" ಅಂತಾರೆ. ರಾತ್ರಿ ಜ್ವರ ಬಂದೇ ಬರುತ್ತದೆ. ಯಾವ ತಾಯಿಯೂ ಟಂಟಂ ಹಿಡಿದು ಓಡುವುದಿಲ್ಲ. ಮುಂದಿನ ತಿಂಗಳು ಅದೇ ಕೂಸನ್ನು ಎತ್ತಿಕೊಂಡು ಅದೇ ಸಿಸ್ಟರ್ ಹತ್ತಿರ ಬರುತ್ತಾಳೆ. ಜ್ವರದ ಸುದ್ದಿ ಮೊದಲೇ ಹೇಳಿದ್ದಕ್ಕೆ ನಂಬಿಕೆ ಉಳಿಯಿತು. ಗುಳಿಗಿಯ ವಿಷಯದಲ್ಲಿ ಮುಚ್ಚಿಟ್ಟಿದ್ದಕ್ಕೆ ಹೋಯಿತು.

ಈಗ ಗುಳಿಗಿಯ ವಿಷಯಕ್ಕೆ ಬರೋಣ. ಇದರ ಹೆಸರು ಅಲ್ಬೆಂಡಜೋಲ್, 400 ಮಿಲಿಗ್ರಾಂ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಅಂತ 1ರಿಂದ 19 ವರ್ಷದ ಮಕ್ಕಳಿಗೆ ಶಾಲೆಯಲ್ಲಿ, ಅಂಗನವಾಡಿಯಲ್ಲಿ ಪುಕ್ಕಟೆ ಕೊಡುತ್ತಾರೆ. ಒಂದರಿಂದ ಎರಡು ವರ್ಷದ ಕೂಸಿಗೆ ಅರ್ಧ ಗುಳಿಗಿ, ಎರಡು ದಾಟಿದವರಿಗೆ ಪೂರ್ತಿ ಒಂದು. ಮೂರು ವರ್ಷದೊಳಗಿನ ಕೂಸಿಗೆ ಎರಡು ಚಮಚದ ನಡುವೆ ಪುಡಿ ಮಾಡಿ ಶುದ್ಧ ನೀರಿನಲ್ಲಿ ಕಲಸಿ ಕೊಡಬೇಕು. ದೊಡ್ಡವರು ಅಗಿದು ತಿಂದು ನೀರು ಕುಡಿಯಬೇಕು. "ಐದು ವರ್ಷದವಗೂ ಒಂದು, ಮೀಸಿ ಬಂದವಗೂ ಒಂದು, ಇದು ಹೆಂಗ?" ಅಂತ ರಾಮದುರ್ಗದ ಕಡೆಯ ಒಬ್ಬ ಕಾಕಾ ನನ್ನನ್ನು ಕೇಳಿದ್ದರು. ಪ್ರಶ್ನೆ ಸರಿಯಾಗಿಯೇ ಇದೆ. ಜ್ವರದ ಔಷಧ ರಕ್ತಕ್ಕೆ ಸೇರಿ ಮೈಯೆಲ್ಲ ಓಡಾಡುತ್ತದೆ, ಅದಕ್ಕೆ ತೂಕ ನೋಡುತ್ತಾರೆ. ಇದು ಬಹುಪಾಲು ಕರುಳಿನಲ್ಲೇ ಉಳಿದು ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಕಡಿಮೆ. ಹುಳಕ್ಕೆ ಸಕ್ಕರೆ ಅಂಶ ಹೀರಿಕೊಳ್ಳಲು ಬಾರದಂತೆ ಮಾಡುತ್ತದೆ, ಹುಳ ಉಪವಾಸ ಬಿದ್ದು ಸಾಯುತ್ತದೆ. ಅದಕ್ಕೇ ಗುಳಿಗಿ ನುಂಗಿದ ತಕ್ಷಣ ಹುಳ ಬೀಳುವುದಿಲ್ಲ. ಎರಡು ಮೂರು ದಿನ ಬಿಟ್ಟು ಬೀಳಬಹುದು, ಎಷ್ಟೋ ಮಕ್ಕಳಲ್ಲಿ ಕಣ್ಣಿಗೆ ಕಾಣದಂತೆಯೇ ಹೋಗಬಹುದು. ಅಕ್ಕ ಹೆದರಿದ ಆ ಬಿಳಿ ಹುಳ ಗುಳಿಗಿಯಿಂದ ಹುಟ್ಟಿದ್ದಲ್ಲ, ಅಲ್ಲಿಯವರೆಗೂ ಹುಡುಗನ ಊಟದಲ್ಲಿ ಪಾಲು ಕೇಳುತ್ತಿದ್ದದ್ದು.

ತೊಂದರೆ ಯಾರಿಗೆ ಹೆಚ್ಚು? ಹೊಟ್ಟೆಯಲ್ಲಿ ಹುಳ ಹೆಚ್ಚು ಇರುವ ಮಗುವಿಗೆ. ಹುಳ ಇಲ್ಲದ ಹುಡುಗನಿಗೆ ಬಹಳ ಸಲ ಏನೂ ಗೊತ್ತಾಗುವುದೇ ಇಲ್ಲ. ಅಂದರೆ ಯಾವ ಮಗುವಿಗೆ ಗುಳಿಗಿಯ ಅಗತ್ಯ ಜಾಸ್ತಿಯೋ ಅದೇ ಮಗು ಸಂಜೆ ಕಕ್ಕುತ್ತದೆ, ಅದೇ ಮಗುವಿನ ತಾಯಿ ಮುಂದಿನ ಸಲ ಬೇಡ ಅನ್ನುತ್ತಾಳೆ. ಹೇಳದೆ ಕೊಟ್ಟು ನಾವು ಕಳೆದುಕೊಳ್ಳುವುದು ಸರಿಯಾಗಿ ಈ ಮಕ್ಕಳನ್ನೇ.

ಇನ್ನು ಹೊತ್ತಿನ ಮಾತು. ಹುಳ ಸಾಯಲು ಊಟದ ಮೊದಲು, ಊಟದ ನಂತರ ಅನ್ನುವ ಭೇದವಿಲ್ಲ. ಆದರೂ ಬಿಸಿಯೂಟದ ಮೇಲೆ ಕೊಡುವುದೇ ಒಳ್ಳೆಯದು ಅನ್ನುತ್ತೇನೆ. ನಮ್ಮ ಮಕ್ಕಳು ಎಷ್ಟೋ ಜನ ಮುಂಜಾನೆ ಒಂದು ಕಪ್ ಚಹಾ ಕುಡಿದು ಬಂದಿರುತ್ತಾರೆ. ಖಾಲಿ ಹೊಟ್ಟೆಗೆ ಬಿಸಿಲಲ್ಲಿ ಸಾಲು ನಿಲ್ಲಿಸಿದರೆ ಗುಳಿಗಿ ಇಲ್ಲದೆಯೂ ತಲೆ ತಿರುಗುತ್ತದೆ, ಹೆಸರು ಮಾತ್ರ ಗುಳಿಗಿಗೆ ಬರುತ್ತದೆ. ಊಟ ಆದ ಕೂಡಲೇ ಕೊಟ್ಟರೆ ಶಾಲೆ ಬಿಡುವ ತನಕ ಎರಡೂವರೆ ತಾಸು ಮಗು ಮಾಸ್ತರರ ಕಣ್ಣೆದುರಿಗೇ ಇರುತ್ತದೆ. ರಿಜಿಸ್ಟರ್ ತುಂಬುವ ಅವಸರದಲ್ಲಿ ನಾಲ್ಕು ಗಂಟೆಗೆ ಕೊಟ್ಟರೆ ವಾಂತಿ ಮನೆಯಲ್ಲಾಗುತ್ತದೆ, ಹೊಲದಿಂದ ಇನ್ನೂ ಬಾರದ ತಾಯಿ ಇಲ್ಲದಾಗ, ಅಜ್ಜಿಯ ಎದುರಿಗೆ. ಶನಿವಾರವಂತೂ ಮುಂಜಾನೆ ಶಾಲೆ, ಬೇಗ ಬಿಡುತ್ತಾರೆ, ಆ ದಿನ ಕೊಡುವುದೇ ಬೇಡ.

ಅದಕ್ಕಿಂತ ಕೆಟ್ಟದ್ದು ಕಿಸೆಯ ಗುಳಿಗಿ. "ಮನ್ಯಾಗ ತಿನ್ನು ಹೋಗು" ಅಂತ ಕೈಯಲ್ಲಿ ಕೊಟ್ಟು ಕಳಿಸಿ, ಹೆಸರಿನ ಮುಂದೆ ಟಿಕ್ ಹಾಕುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಿಯಮ ಸ್ಪಷ್ಟ ಇದೆ: ಶಿಕ್ಷಕರ ಇಲ್ಲವೆ ಅಂಗನವಾಡಿ ಕಾರ್ಯಕರ್ತೆಯ ಮುಂದೆಯೇ ತಿನ್ನಬೇಕು. ಕಿಸೆಯ ಗುಳಿಗಿ ತಂಗಿಯ ಬಾಯಿಗೆ ಹೋಗುತ್ತದೆ. ಒಂದೂವರೆ ವರ್ಷದ ಕೂಸಿನ ಗಂಟಲಲ್ಲಿ ಇಡೀ ಗುಳಿಗಿ ಸಿಕ್ಕರೆ ಉಸಿರೇ ಕಟ್ಟುತ್ತದೆ. ಅಳುವ ಕೂಸಿನ ಮೂಗು ಹಿಡಿದು ಕುಡಿಸುವುದೂ ಇದೇ ಅಪಾಯಕ್ಕೆ ದಾರಿ. ಸುಮ್ಮನಾದ ಮೇಲೆ ಕೊಡಿ, ಆಗದಿದ್ದರೆ ಬಿಡಿ. ತಪ್ಪಿಸಿಕೊಂಡ ಮಕ್ಕಳಿಗೆಂದೇ ಕೆಲ ದಿನ ಬಿಟ್ಟು ಇನ್ನೊಂದು ದಿನ ಇಟ್ಟಿರುತ್ತಾರೆ.

ಆ ದಿನ ಜ್ವರ ಇರುವ ಮಗು, ಬೇರೆ ಔಷಧ ನಡೆದಿರುವ ಮಗು ಸಹ ಆ ಇನ್ನೊಂದು ದಿನಕ್ಕೇ ಕಾಯಬೇಕು. ಮೊದಲು ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರನ್ನು ಕೇಳದೆ ಕೊಡಿಸಬೇಡಿ. ಮದುವೆಯಾದ 18-19ರ ಹುಡುಗಿ ಇದ್ದರೆ, ಮುಟ್ಟು ತಪ್ಪಿದ್ದರೆ ಆಶಾ ಅಕ್ಕನ ಕಿವಿಯಲ್ಲಿ ಹೇಳಿ. ಬಸಿರಿನ ಮೊದಲ ಮೂರು ತಿಂಗಳು ಈ ಗುಳಿಗಿ ಕೊಡುವುದಿಲ್ಲ.

ದೇಶದ ಲೆಕ್ಕದಲ್ಲಿ ಫೆಬ್ರುವರಿ 10, ಆಗಸ್ಟ್ 10 ಅಂತ ದಿನ ಗೊತ್ತು ಮಾಡಿದ್ದಾರೆ, ನಮ್ಮ ರಾಜ್ಯದಲ್ಲಿ ಅದು ಹಿಂದೆ ಮುಂದೆ ಆಗುತ್ತದೆ. ಫೆಬ್ರುವರಿಯಲ್ಲಿ ಬಂದಾಗ ಒಂದು ಪಜೀತಿ ಇದೆ. ಭಾರತ ಹುಣ್ಣಿಮೆಯೂ ಎಷ್ಟೋ ವರ್ಷ ಅದೇ ಹೊತ್ತಿಗೆ. ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಮನೆಮಂದಿಯೆಲ್ಲ ಎಲ್ಲಮ್ಮನ ಗುಡ್ಡದಲ್ಲಿ ಇರುವಾಗ ಶಾಲೆಯಲ್ಲಿ ಗುಳಿಗಿ ನುಂಗುವವರು ಯಾರು? ನಮ್ಮ ನಾಲ್ಕು ತಾಲೂಕಿಗೆ ದಿನ ಗೊತ್ತು ಮಾಡುವವರು ಪಂಚಾಂಗವನ್ನೂ ಒಮ್ಮೆ ನೋಡಲಿ. ಆದರೆ ತಪ್ಪಿತು ಅಂತ ಮುಂದಿನ ಸಲ ಎರಡು ಗುಳಿಗಿ ನುಂಗಿಸುವುದು ಬೇಡ, ಒಂದೇ ಸಾಕು.

ಗುಳಿಗಿ ಹಾಕಿಸಿದ ಮೇಲೆ ಏನು ಮಾಡಬೇಕು? ಹೊಟ್ಟೆ ನೋವು, ಒಂದೆರಡು ವಾಂತಿ ಅಂದರೆ ನೆರಳಿನಲ್ಲಿ ಮಲಗಿಸಿ, ಓಆರ್‌ಎಸ್ ಇಲ್ಲವೆ ಕಾಯಿಸಿ ಆರಿಸಿದ ನೀರು ಸ್ವಲ್ಪ ಸ್ವಲ್ಪ ಕುಡಿಸಿ. ಸಾಮಾನ್ಯವಾಗಿ ಕೆಲವು ತಾಸಿನಲ್ಲಿ ಇಳಿಯುತ್ತದೆ. ಶಾಲೆಯಲ್ಲಿ ಒಬ್ಬ ಕಕ್ಕಿದರೆ ಅವನನ್ನು ಬೇರೆ ಕೋಣೆಗೆ ಕರೆದೊಯ್ಯಬೇಕು. ಒಬ್ಬನನ್ನು ನೋಡಿ ಹತ್ತು ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ, ಅದು ನಾಟಕ ಅಲ್ಲ, ಅಂಜಿಕೆಯಿಂದ ನಿಜವಾಗಿಯೂ ಹಾಗಾಗುತ್ತದೆ. ಕಕ್ಕಿದ ಮಗುವಿಗೆ ಮನೆಯಲ್ಲಿ ಇನ್ನೊಂದು ಗುಳಿಗಿ ತಂದು ಕೊಡಬೇಡಿ.

ಟಂಟಂ ಹಿಡಿದು ಓಡಬೇಕಾದ ಗುರುತುಗಳು ಬೇರೆಯೇ ಇವೆ. ಕುಡಿದ ನೀರೂ ನಿಲ್ಲದಂತೆ ಮತ್ತೆ ಮತ್ತೆ ವಾಂತಿ, ಅದರಲ್ಲೂ ಹಸಿರು ವಾಂತಿ. ಹೊಟ್ಟೆ ಉಬ್ಬಿ ಗಟ್ಟಿಯಾಗಿ, ಸಂಡಾಸೂ ಇಲ್ಲ, ಗಾಳಿಯೂ ಹೋಗುತ್ತಿಲ್ಲ ಅಂದರೆ ಹುಳದ ಉಂಡೆ ಕರುಳಿಗೆ ಅಡ್ಡ ಬಂದಿರಬಹುದು. ಅಪರೂಪ, ಆದರೆ ತಡ ಮಾಡುವಂಥದ್ದಲ್ಲ. ತುಟಿ ಮುಖ ಬಾತು ಉಸಿರಾಡಲು ಕಷ್ಟ, ಫಿಟ್ಸ್, ಎಚ್ಚರ ತಪ್ಪುವುದು. ಇವುಗಳಲ್ಲಿ ಯಾವುದೊಂದು ಕಂಡರೂ 108ಕ್ಕೆ ಫೋನ್ ಮಾಡಿ. ಸಂದೇಹ ಇದ್ದು ಕೇಳಬೇಕು ಅಂದರೆ 104 ಇದೆ.

ಗುಳಿಗಿ ಒಂದೇ ಎಲ್ಲ ಮಾಡುವುದಿಲ್ಲ ಅನ್ನುವುದನ್ನೂ ಯಾರೂ ಹೇಳುವುದಿಲ್ಲ. ಇವತ್ತು ಹೊಟ್ಟೆಯಲ್ಲಿರುವ ಹುಳವನ್ನು ಅದು ಕೊಲ್ಲುತ್ತದೆ, ನಾಳೆ ಬರುವುದನ್ನು ತಡೆಯುವುದಿಲ್ಲ. ಚಾಟಿಹುಳ ಅನ್ನುವ ಜಾತಿಯ ಮೇಲೆ ಒಂದು ಗುಳಿಗಿಯ ಪ್ರಭಾವ ಕಡಿಮೆಯೇ. ಬಯಲಿಗೆ ಹೋದ ಜಾಗದಲ್ಲಿ ಬರಿಗಾಲಲ್ಲಿ ನಡೆದರೆ ಕೊಕ್ಕೆಹುಳದ ಮರಿ ಪಾದದ ಚರ್ಮ ಕೊರೆದು ಒಳಗೆ ಹೋಗಿ ಮತ್ತೆ ರಕ್ತ ಹೀರುತ್ತದೆ. ವರ್ಷಕ್ಕೆ ಎರಡು ಸಲ ಕೊಡುವುದು ಇದಕ್ಕೇ.

ನನ್ನ ಬೇಡಿಕೆ ದೊಡ್ಡದೇನಲ್ಲ. ಹಿಂದಿನ ದಿನ ಮಗುವಿನ ಡೈರಿಯಲ್ಲಿ ನಾಲ್ಕು ಸಾಲು ಬರೆಸಿ ಕಳಿಸಲಿ: ನಾಳೆ ಊಟದ ಮೇಲೆ ಹುಳದ ಗುಳಿಗಿ ಕೊಡುತ್ತೇವೆ, ಜಡ್ಡು ಇದ್ದರೆ ತಿಳಿಸಿ, ಸಂಜೆ ಹೊಟ್ಟೆ ನೋಯಬಹುದು, ವಾಂತಿ ಆಗಬಹುದು, ನಿಲ್ಲದಿದ್ದರೆ ಈ ನಂಬರಿಗೆ ಫೋನ್ ಮಾಡಿ. ಇದನ್ನು ಅಕ್ಕನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಇಷ್ಟ ಹೇಳಿದ್ರ ಅವತ್ತ ನಾ ಯಾಕ ಓಡತಿದ್ನೋ? ಮನ್ಯಾಗ ಸಕ್ರಿ ಉಪ್ಪಿನ ನೀರ ಕುಡಿಸಿ ಮಲಗಸತಿದ್ದೆ."