ಪಾವತಿಯ ಅನುಮೋದನೆ: ಬೆರಳಚ್ಚೋ, ಮುಖಚಹರೆಯೋ?

ನಮ್ಮ ವರ್ತಕ ಬಾಂಧವರಲ್ಲಿ ಹಲವರು ಬ್ಯಾಂಕ್ ಪಾವತಿಗಳಿಗೆ ಮೊಬೈಲ್ ಫೋನಿನಿಂದಲೇ ಅನುಮೋದನೆ ನೀಡುತ್ತಾರೆ. ಅದಕ್ಕೆ ಬೆರಳಚ್ಚು ಮೇಲೋ, ಮುಖಚಹರೆ ಮೇಲೋ ಎಂದು ಕಕ್ಷಿದಾರರು ಕೇಳುವುದುಂಟು. ಸಾಮಾನ್ಯ ಬೆಲೆಯ ಫೋನುಗಳಲ್ಲಿ ಬೆರಳಚ್ಚೇ ಮೇಲೆಂಬುದು ನನ್ನ ಅಭಿಪ್ರಾಯ. ಆದರೆ ಹೆಚ್ಚಿನ ಅಪಾಯವಿರುವುದು ಇವೆರಡರ ಹಿಂದಿರುವ ಪಿನ್‌ನಲ್ಲಿ.

ಅಪರಿಚಿತನೊಬ್ಬನ ಮುಖಕ್ಕೆ ತನ್ನ ಫೋನು ತೆರೆದುಕೊಳ್ಳುವ ಸಾಧ್ಯತೆ 10 ಲಕ್ಷಕ್ಕೆ ಒಂದಕ್ಕಿಂತ ಕಡಿಮೆ, ಬೆರಳಿಗಾದರೆ 50,000ಕ್ಕೆ ಒಂದು ಎನ್ನುತ್ತದೆ ಆಪಲ್ ಕಂಪನಿ. ಅದರ ಫೋನು ಅತಿಗೆಂಪು ಕಿರಣಗಳಿಂದ ಮುಖದ ಉಬ್ಬುತಗ್ಗುಗಳನ್ನು ಅಳೆಯುತ್ತದೆ. ಅಗ್ಗದ ಆಂಡ್ರಾಯ್ಡ್ ಫೋನುಗಳಲ್ಲಿ ಬಹುತೇಕ ಮುಂಬದಿಯ ಕ್ಯಾಮೆರಾ ಮಾತ್ರ ಇರುತ್ತದೆ. ಅದನ್ನು ಒಂದು ಭಾವಚಿತ್ರವೂ ವಂಚಿಸಬಹುದು. ಮುಖ ನೋಡಿ ಪರದೆ ತೆರೆದ ಫೋನಿನಲ್ಲೇ ಬ್ಯಾಂಕಿನ ಆ್ಯಪ್ ಬೆರಳನ್ನೇ ಕೇಳುವುದು ಇದೇ ಕಾರಣಕ್ಕೆ. ಅದು ದೋಷವಲ್ಲ.

ಸುಣ್ಣ, ಸಿಮೆಂಟ್, ಎಣ್ಣೆಯ ನಡುವೆ ದುಡಿಯುವವರ ಬೆರಳ ಗೆರೆಗಳು ಸವೆದು ಗುರುತು ಸಿಗದೆ ಹೋಗುತ್ತದೆ. ಕೆಲಸಕ್ಕೆ ಕಡಿಮೆ ಬಳಸುವ ಕೈಯ ಬೆರಳನ್ನೂ ನೋಂದಾಯಿಸಿದರೆ ಈ ತೊಂದರೆ ಕಡಿಮೆಯಾಗುತ್ತದೆ. ಕೆಲವು ಬಾರಿ ವಿಫಲವಾದೊಡನೆ ಫೋನು ಪಿನ್ ಕೇಳುತ್ತದೆ.

ಒಂದು ಉದಾಹರಣೆ ನೋಡೋಣ. ವಾಟ್ಸ್ಆ್ಯಪ್‌ನಲ್ಲಿ ಬರುವ ಆರ್ಡರ್‌ಗಳನ್ನು ನೋಡಲೆಂದು ಮಾಲೀಕರು ಫೋನಿನ ನಾಲ್ಕಂಕಿಯ ಪಿನ್ ಅನ್ನು ಗುಮಾಸ್ತರಿಗೆ ತಿಳಿಸಿರುತ್ತಾರೆ. ಆ ಪಿನ್ ಬಳಸಿ ಗುಮಾಸ್ತರು ಸೆಟ್ಟಿಂಗ್ಸ್‌ಗೆ ಹೋಗಿ ತಮ್ಮ ಬೆರಳನ್ನೂ ನೋಂದಾಯಿಸಬಹುದು. ಸರಿಯಾಗಿ ರೂಪಿಸಿದ ಆ್ಯಪ್ ಹೊಸ ಬೆರಳು ಸೇರಿದ್ದನ್ನು ತಿಳಿದು, ಹಿಂದಿನ ಬೆರಳಚ್ಚಿನ ಒಪ್ಪಿಗೆಯನ್ನು ರದ್ದುಪಡಿಸಿ, ತನ್ನದೇ ಪಾಸ್‌ವರ್ಡ್ ಕೇಳುತ್ತದೆ. ಹಾಗೆ ರೂಪಿಸದ ಆ್ಯಪ್‌ನಲ್ಲಿ ಗುಮಾಸ್ತರ ಬೆರಳೇ ಮಾಲೀಕರ ಸಹಿಯಾಗುತ್ತದೆ. ಇನ್ನು ಕೆಲವು ಆ್ಯಪ್‌ಗಳು ಅನುಮೋದನೆಯ ಹಂತದಲ್ಲಿ ಬೆರಳಿನ ಬದಲು ಫೋನಿನ ಪಿನ್ ಅನ್ನೇ ಒಪ್ಪುತ್ತವೆ. ಆಗ 1,80,000 ರೂಪಾಯಿಗಳ ಪಾವತಿಗೂ ಕಾವಲು ಆ ನಾಲ್ಕು ಅಂಕಿಗಳಷ್ಟೇ. ಬ್ಯಾಂಕಿನ ದಾಖಲೆಯಲ್ಲಿ ಮಾಲೀಕರ ಫೋನಿನಿಂದ ಅನುಮೋದನೆಯಾಯಿತೆಂದು ಮಾತ್ರ ಇರುತ್ತದೆ. ಬೆರಳು ಯಾರದೆಂಬುದಕ್ಕೆ ಲೆಕ್ಕಪರಿಶೋಧಕನಿಗೆ ಪುರಾವೆ ದೊರೆಯದು.

ತಮ್ಮ ಆ್ಯಪ್ ಯಾವ ಬಗೆಯದೆಂದು ಓದುಗರೇ ಪರೀಕ್ಷಿಸಬಹುದು. ತಮ್ಮದೇ ಇನ್ನೊಂದು ಬೆರಳನ್ನು ಹೊಸದಾಗಿ ಸೇರಿಸಿ, ಅದರಿಂದ ಬ್ಯಾಂಕಿನ ಆ್ಯಪ್ ತೆರೆಯಲು ಯತ್ನಿಸಿ. ಅದು ಪಾಸ್‌ವರ್ಡ್ ಕೇಳಿದರೆ ಸರಿ. ಕೇಳದೆ ಒಳಬಿಟ್ಟರೆ, ಆ ಆ್ಯಪ್‌ನಲ್ಲಿ ಬೆರಳಚ್ಚಿನ ಸೌಲಭ್ಯವನ್ನು ನಿಲ್ಲಿಸಿ ಅದರ ಸ್ವಂತ ಪಿನ್ ಬಳಸುವುದೇ ಮೇಲು. ಪರೀಕ್ಷೆಗೆ ಸೇರಿಸಿದ ಬೆರಳನ್ನು ಬಳಿಕ ಅಳಿಸಿಬಿಡಿ. ಪಾವತಿಯ ಹಂತದಲ್ಲಿ ಪಿನ್ ಬಳಸುವ ಆಯ್ಕೆ ಕಂಡರೆ, ಅದು ಫೋನಿನ ಪಿನ್ನೋ ಬ್ಯಾಂಕಿನದೋ ಎಂಬುದನ್ನೂ ನೋಡಿ.

ಆರ್ಡರ್ ನೋಡಲು ಗುಮಾಸ್ತರಿಗೆ ಬೇರೆ ಫೋನು ಕೊಡುವುದು ದೊಡ್ಡ ಖರ್ಚೇನಲ್ಲ. ಅನುಮೋದನೆಯ ಫೋನಿಗೆ ಆರಂಕಿಯ ಪಿನ್ ಇರಲಿ; ಬ್ಯಾಂಕಿನ ಆ್ಯಪ್‌ಗೆ ಅದೇ ಸಂಖ್ಯೆ ಬೇಡ. ನೌಕರರು ಕೆಲಸ ಬಿಟ್ಟಾಗ ಫೋನಿನ ಬೆರಳಚ್ಚುಗಳ ಪಟ್ಟಿಯನ್ನು ತೆರೆದು ನೋಡಿ. ಯಾವುದು ಯಾರದೆಂದು ತಿಳಿಯದಿದ್ದಲ್ಲಿ ಮೊದಲು ಪಿನ್ ಬದಲಿಸಿ, ಎಲ್ಲ ಬೆರಳಚ್ಚುಗಳನ್ನೂ ಅಳಿಸಿ, ತಮ್ಮದನ್ನಷ್ಟೇ ಹೊಸದಾಗಿ ನೋಂದಾಯಿಸಿ.