ಮೂಲೆ ಸುಳ್ಳು ಹೇಳಲ್ಲ | ಶೆಡ್ ಡೈರಿ, ಭಾಗ 6

ಮೊದಲನೇ ಫೋಟೋ ನೋಡಿ. ನಮ್ಮ ಜಗಲಿಯ ಆರು ಮೂಲೆ ಟೀಪಾಯಿ. ಎರಡು ವರ್ಷದ ಹಿಂದೆ ಅಮ್ಮ ಒಂದು ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾಡಿಸಿದ್ದು. ತಂದ ದಿನ ಕನ್ನಡಿ ಹಂಗೆ ಹೊಳೀತಿತ್ತು. ಜುಲೈ ಮಳೆ ಹಿಡಿದ ಮೇಲೆ ಅಂಚಿನ ಪಟ್ಟಿಗಳು ಸೇರೋ ಮೂಲೆಯಲ್ಲಿ ಬಣ್ಣದ ಪುಡಿ ಉದುರೋಕೆ ಶುರುವಾಯ್ತು. ಉಗುರಲ್ಲಿ ಕೆರೆದು ನೋಡಿದ್ರೆ ಒಳಗೆ ಮರವೇ ಇಲ್ಲ, ಬರೀ ಮರದ ಹುಡಿ ಮತ್ತು ಗಮ್.

ನಾನು ಬಿಕಾಂ ಓದೋನು, ಅದಕ್ಕೇ ನನ್ನ ಭಾಷೆಯಲ್ಲೇ ಹೇಳ್ತೀನಿ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ದಾಗ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಲ್ಲ, ಆ ಹುಡಿ ಅದೇ. ತಪ್ಪು ಎಲ್ಲಿ ಅಂತ ಹುಡುಕಿಲ್ಲ, ಮುಚ್ಚಿದ್ದಾರೆ ಅಷ್ಟೆ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಮೂಲೆಗೆ ಹುಡಿ ತುಂಬೋದು ಫಿನಿಶಿಂಗ್ ಅಲ್ಲ, ಲೆಕ್ಕ ತಪ್ಪಿದ್ದಕ್ಕೆ ಸಾಕ್ಷಿ. ಆ ಲೆಕ್ಕವೂ ಎಂಟನೇ ಕ್ಲಾಸಿನದ್ದು.

ಈ ಬೇಸಿಗೆಯಲ್ಲಿ ಅದೇ ಅಳತೆಯ ಇನ್ನೊಂದು ಅಂಚು ಮಾಡೋಣ ಅಂತ ಮಾವನ ಶೆಡ್ಡಿಗೆ ಹೋದೆ. ಮರ ಸಿಲ್ವರ್ ಓಕ್. ನಮ್ಮ ಕಡೆ ತೋಟಗಳಲ್ಲಿ ಕಾಫಿಗೆ ನೆರಳು ಕೊಟ್ಟು, ಮೆಣಸಿನ ಬಳ್ಳಿ ಹೊತ್ತು ನಿಂತಿರೋ ಮರ. ಪಟ್ಟಿ 50 ಮಿಲಿಮೀಟರ್ ಅಗಲ, ಹೊರಗಿನ ಅಂಚು ಒಂದೊಂದೂ 300 ಮಿಲಿಮೀಟರ್.

ಮೊದಲ ಎಡವಟ್ಟು ನಂದೇ. ಆರು ಮೂಲೆ ಆಕಾರದ ಒಳಕೋನ 120 ಡಿಗ್ರಿ. ಎರಡು ಪಟ್ಟಿ ಸೇರಿ ಆ ಮೂಲೆ ಆಗೋದ್ರಿಂದ ಒಂದೊಂದಕ್ಕೆ ಅರ್ಧ, ಅಂದ್ರೆ 60. ಇಲ್ಲಿವರೆಗೆ ಸರಿ. ಮೈಟರ್ ಸಾ ಮೇಲೆ 60 ಹುಡುಕಿದೆ. ಇಲ್ಲ ಮಾರಾಯ್ರೆ! ಸ್ಕೇಲು ಅಷ್ಟು ದೂರ ಹೋಗೋದೇ ಇಲ್ಲ.

ಮಾವ ನಕ್ಕು ಕೇಳಿದ್ರು, "ಸೊನ್ನೆಗೆ ಇಟ್ಟು ಕೊಯ್ದರೆ ಪಟ್ಟಿ ಹೆಂಗೆ ತುಂಡಾಗ್ತದೆ?" ನೇರವಾಗಿ, 90 ಡಿಗ್ರಿಗೆ. ಅಲ್ಲೇ ಇರೋದು ವಿಷಯ. ಗರಗಸದ ಸ್ಕೇಲು ಎಣಿಸೋದು ಪಟ್ಟಿಯ ಅಂಚಿನಿಂದ ಅಲ್ಲ, ನೇರ ಕೊಯ್ತದಿಂದ. ಹಾಗಾಗಿ ಒಳಕೋನದ ಅರ್ಧವನ್ನ 90ರಿಂದ ಕಳೀಬೇಕು. 90ರಲ್ಲಿ 60 ಹೋದ್ರೆ 30. ಸಾ ಮೇಲೆ ಇಡಬೇಕಾದ್ದು 30.

ಐದು ಮೂಲೆಗೆ ಒಳಕೋನ 108, ಅರ್ಧ 54, ಸ್ಕೇಲಿನಲ್ಲಿ 36. ಎಂಟು ಮೂಲೆಗೆ 135, ಅರ್ಧ 67.5, ಸ್ಕೇಲಿನಲ್ಲಿ 22.5. ಎಲ್ಲ ಬದಿ, ಎಲ್ಲ ಮೂಲೆ ಸಮ ಇದ್ರೆ 180ನ್ನ ಬದಿಗಳ ಸಂಖ್ಯೆಯಿಂದ ಭಾಗಿಸಿದ್ರೂ ಅದೇ ಉತ್ತರ ಬರುತ್ತೆ.

ಫೋಟೋ ಫ್ರೇಮ್ ಮಾಡೋರಿಗೆ ಇದು ಯಾಕೆ ಗೊತ್ತಾಗಲ್ಲ? ಫ್ರೇಮಿನ ಒಳಕೋನ 90, ಅರ್ಧ 45. ಅದನ್ನ 90ರಿಂದ ಕಳೆದರೂ 45! ಎರಡೂ ಒಂದೇ ಆಗಿರೋದ್ರಿಂದ ಯಾವುದು ಯಾವುದು ಅಂತ ಯೋಚಿಸೋ ಪ್ರಮೇಯವೇ ಬರಲ್ಲ. ನಾವು 45ನ್ನ ಬಾಯಿಪಾಠ ಮಾಡ್ಕೊಂಡಿದ್ದೀವಿ, ಲೆಕ್ಕ ಕಲಿತಿಲ್ಲ. ನಾಲ್ಕು ಮೂಲೆ ಬಿಟ್ಟು ಆಚೆ ಹೋದ ತಕ್ಷಣ ಬಣ್ಣ ಬಯಲಾಗುತ್ತೆ.

ಮೂರನೇ ಫೋಟೋ: 30ಕ್ಕೆ ಇಟ್ಟು ಕೊಯ್ದ ಆರು ಪಟ್ಟಿ, ಗಮ್ ಇಲ್ಲದೆ ಟೇಪ್ ಹಾಕಿ ಸೇರಿಸಿದ್ದು. ಐದು ಮೂಲೆ ಚೆನ್ನಾಗಿ ಕೂತಿದೆ. ಆರನೆಯದರಲ್ಲಿ ಹೊರಗಡೆ ಒಂದು ಬಾಯಿ. ಅಳೆದೆ, ಹೆಚ್ಚುಕಮ್ಮಿ 6 ಮಿಲಿಮೀಟರ್.

ಕೊನೇ ಪಟ್ಟಿ ಕೆಟ್ಟದಾಗಿ ಕೊಯ್ದೆ ಅಂದ್ಕೊಂಡೆ. ಅಲ್ಲ. ಸಾ ಅರ್ಧ ಡಿಗ್ರಿ ತಪ್ಪಿತ್ತು, 29.5ಕ್ಕೆ ಕೂತಿತ್ತು. ಒಂದು ಕೊಯ್ತದಲ್ಲಿ ಅರ್ಧ ಡಿಗ್ರಿ ಯಾರ ಕಣ್ಣಿಗೂ ಕಾಣಲ್ಲ. ಆದರೆ ಆರು ಪಟ್ಟಿಗೆ ಹನ್ನೆರಡು ತುದಿ. ಹನ್ನೆರಡು ಅರ್ಧ ಸೇರಿ 6 ಡಿಗ್ರಿ, ಅಷ್ಟೂ ಕೊನೇ ಮೂಲೆಗೆ ಬಂದು ನಿಲ್ಲುತ್ತೆ. ಆ ಮೂಲೆಯ ಜಾಯಿಂಟ್ ಸುಮಾರು 58 ಮಿಲಿಮೀಟರ್ ಉದ್ದ. ಅಷ್ಟು ಉದ್ದಕ್ಕೆ 6 ಡಿಗ್ರಿ ತೆರೆದ್ರೆ ಬಾಯಿ 6 ಮಿಲಿಮೀಟರೇ.

ಯಾವ ಕಡೆ ತಪ್ಪಿದೆ ಅಂತ ಬಾಯಿಯೇ ಹೇಳುತ್ತೆ. ಹೊರಗೆ ತೆರೆದಿದ್ರೆ ಸಾ ಕೋನ ಕಮ್ಮಿ ಆಗಿದೆ, ಒಳಗೆ ತೆರೆದಿದ್ರೆ ಜಾಸ್ತಿ ಆಗಿದೆ. ತೆರೆದ ಕೋನವನ್ನ ಹನ್ನೆರಡರಿಂದ ಭಾಗಿಸಿ ಸಾ ತಿದ್ದಿ. ಪಟ್ಟಿ ಉದ್ದ ಸಮ ಇರದಿದ್ರೂ ಕೊನೇ ಮೂಲೆ ಕೂರಲ್ಲ, ಹಾಗಾಗಿ ಗರಗಸಕ್ಕೆ ಒಂದು ಅಡ್ಡಕಟ್ಟೆ ಇಟ್ಟು ಆರನ್ನೂ ಒಂದೇ ಉದ್ದಕ್ಕೆ ಕೊಯ್ದ ಮೇಲೇ ಕೋನದ ಮೇಲೆ ಅನುಮಾನ ಪಡಿ.

ಮತ್ತೆ ಕೊಯ್ಯೋಕೆ ಮರ ಇಲ್ಲ ಅಂದ್ರೆ? ಮಾವ ತೋರಿಸಿದ ದಾರಿ ಐದನೇ ಫೋಟೋದಲ್ಲಿದೆ. ಆರನ್ನೂ ಒಂದೇ ಸಲ ಅಂಟಿಸಬೇಡಿ. ಮೂರು ಮೂರು ಪಟ್ಟಿ ಬಿಗಿಯಾಗಿ ಅಂಟಿಸಿ ಎರಡು ಅರ್ಧ ಮಾಡ್ಕೊಳ್ಳಿ. ಆರು ಮೂಲೆ ಆಕಾರದಲ್ಲಿ ಎದುರುಬದುರು ಮೂಲೆಯ ಕೊಯ್ತ ಒಂದೇ ಗೆರೆಯಲ್ಲಿ ಬರುತ್ತೆ. ಒಣಗಿದ ಮೇಲೆ ಒಂದು ಅರ್ಧದ ಎರಡೂ ತುದಿಗೆ ನೇರ ಪಟ್ಟಿ ಅಡ್ಡ ಇಟ್ಟು ನೋಡಿ. ಬೆಳಕು ಕಂಡ ಕಡೆ ಉಬ್ಬಿದ ಭಾಗವನ್ನ ಕೀಸುಳಿಯಿಂದ ಹೆರೆದು, ಎರಡೂ ತುದಿ ಒಂದೇ ಗೆರೆಗೆ ಬರೋ ಹಾಗೆ ಮಾಡಿ. ಇನ್ನೊಂದು ಅರ್ಧಕ್ಕೂ ಹಾಗೇ. ಆಮೇಲೆ ಎರಡೂ ಸೇರಿಸಿದ್ರೆ ಬಾಯಿ ಇಲ್ಲ. ನನ್ನದರಲ್ಲಿ ನಾಲ್ಕು ಮೂಲೆ 121, ಎರಡು ಮೂಲೆ 118 ಆಯ್ತು. ಆ ಎರಡು ಡಿಗ್ರಿ ಕಣ್ಣಿಗೆ ಕಾಣಲ್ಲ, 6 ಮಿಲಿಮೀಟರ್ ಬಾಯಿ ಕಾಣುತ್ತೆ. ಐದು ಮೂಲೆಗೆ ಈ ದಾರಿ ನಡೆಯಲ್ಲ, ಅಲ್ಲಿ ಮೂಲೆಗೆ ಎದುರು ಮೂಲೆಯೇ ಇಲ್ಲ.

ಕಾಮೆಂಟಲ್ಲಿ ಬರೋ ಪ್ರಶ್ನೆ ಗೊತ್ತು: "ಕೊಡಗಿನ ಮಳೆಗೆ ಎಷ್ಟು ಸರಿ ಕೊಯ್ದರೂ ಬಾಯಿ ಬಿಡುತ್ತಲ್ಲ?" ಅರ್ಧ ನಿಜ. ಮರ ತೇವ ಕುಡಿದಾಗ ಅಗಲಕ್ಕೆ ಉಬ್ಬುತ್ತೆ, ಉದ್ದಕ್ಕೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅಗಲ ಮಾತ್ರ ಬದಲಾದ್ರೆ ಕೊಯ್ದ ಕೋನವೇ ಬದಲಾಗುತ್ತೆ. ಮಳೆಗಾಲದಲ್ಲಿ ಹೊರಗಡೆ ಬಿರುಕು, ಬೇಸಿಗೆಯಲ್ಲಿ ಒಳಗಡೆ. ಲೆಕ್ಕಕ್ಕೆ ಫೋಟೋ ಫ್ರೇಮಿನ ಪಟ್ಟಿ 2 ಪರ್ಸೆಂಟ್ ಉಬ್ಬಿತು ಅಂತಿಟ್ಕೊಳ್ಳಿ. 20 ಮಿಲಿಮೀಟರ್ ಅಗಲ ಇದ್ರೆ ಬಿರುಕು ಅರ್ಧ ಮಿಲಿಮೀಟರ್ ಆಸುಪಾಸು. 100 ಮಿಲಿಮೀಟರ್ ಅಗಲ ಇದ್ರೆ ಹತ್ತಿರ ಹತ್ತಿರ 3.

ಹಾಗಾಗಿ ನನ್ನ ಎರಡನೇ ಅಭಿಪ್ರಾಯ: ನಮ್ಮ ಊರಿಗೆ ಅಗಲ ಪಟ್ಟಿಯ ಮೈಟರ್ ಬೇಡ. ಕಿರಿದಾಗಿರಲಿ. ಮರ ಕೊಯ್ಯೋ ಮುಂಚೆ ಚೆನ್ನಾಗಿ ಒಣಗಿರಲಿ. ಋತು ನೋಡಿಯೂ ತಪ್ಪು ಯಾರದು ಅಂತ ಹೇಳಬಹುದು: ಬಿರುಕು ಮಳೆಗೆ ಹೊರಗೆ, ಬೇಸಿಗೆಗೆ ಒಳಗೆ ಅಂತ ಜಾಗ ಬದಲಿಸ್ತಾ ಎಲ್ಲ ಮೂಲೆಯಲ್ಲೂ ಒಂದೇ ಥರ ಇದ್ರೆ ಅದು ಮರದ್ದು. ಒಂದೇ ಮೂಲೆಯಲ್ಲಿ ವರ್ಷವಿಡೀ ಇದ್ರೆ ಅದು ಕೊಯ್ದವರದ್ದು.

ಬಣ್ಣ ಬಳಿಯೋ ಫ್ರೇಮಿನಲ್ಲಿ ಕೂದಲಷ್ಟು ಬಿರುಕಿಗೆ ಹುಡಿ ತುಂಬಿದ್ರೆ ನನ್ನ ತಕರಾರಿಲ್ಲ. ಆದರೆ ದುಡ್ಡು ಕೊಟ್ಟು ಆರು ಮೂಲೆ ಟೀಪಾಯಿ ತರೋರು ಪಾಲಿಶ್ ಹಾಕೋ ಮುಂಚೆ ಒಂದ್ಸಲ ಹೋಗಿ ಆರೂ ಮೂಲೆ ನೋಡಿ. ಐದು ನೋಡಿ ವಾಪಸ್ ಬರಬೇಡಿ. ನಮ್ಮ ಅಮ್ಮ ಐದೇ ನೋಡಿದ್ದು.

ನಿಮ್ಮ ಮನೆಯ ಫ್ರೇಮಿನ ಬಿರುಕು ಒಳಗೋ ಹೊರಗೋ? ಕೆಳಗೆ ಬರೀರಿ. ಭಾಗ 7ರಲ್ಲಿ ಮೂಲೆಗೆ ಬೆಣೆ ಹಾಕೋದು.

#ಶೆಡ್‌ಡೈರಿ #ಬಿಟ್ಟಂಗಾಲ #ಕೊಡಗು #ಮರಗೆಲಸ